ಮೂರು ಕಂಟ್ರಾಕ್ಟರ್‌ಗೂ ಒಂದೇ ಪತ್ರ

ಅಡುಗೆಮನೆ ಒಡೆದು ಹೊಸದಾಗಿ ಮಾಡಿಸಬೇಕು ಅಂದ ಕೂಡಲೇ ನಾವೆಲ್ಲ ಕೇಳೋ ಮೊದಲ್ನೇ ಪ್ರಶ್ನೆ ಒಂದೇ. "ಒಟ್ಟು ಎಷ್ಟಾಗುತ್ತೆ ಹೇಳಿ?" ಬಂದವರು ಬಾಗಿಲಲ್ಲೇ ನಿಂತು ಒಂದ್ಸಲ ಒಳಗೆ ಕಣ್ಣಾಡಿಸಿ, "ಒಂದೂವರೆ ಆಗುತ್ತಮ್ಮ, ನೀವೇನೂ ಯೋಚನೆ ಮಾಡ್ಬೇಡಿ" ಅಂತಾರೆ. ಇನ್ನೊಬ್ಬರು ಬಂದು ಎರಡು ಅಂತಾರೆ. ನಾವು ಒಂದೂವರೆ ಅಂದವರಿಗೆ ಅಡ್ವಾನ್ಸ್ ಕೊಟ್ಟು, ಮಾರನೇ ದಿನದಿಂದ ಗ್ಯಾಸ್ ಒಲೇನ ವರಾಂಡಕ್ಕೆ ಸಾಗಿಸ್ತೀವಿ.

ಆ ಒಂದೂವರೇನೂ ಬೆಲೆಯಲ್ಲ, ಈ ಎರಡೂ ಬೆಲೆಯಲ್ಲ ಅಂತ ನಾನು ಹೇಳೋದು. ಯಾವ ಕೆಲಸಕ್ಕೆ, ಎಷ್ಟು ಅಳತೆಗೆ, ಯಾವ ಸಾಮಾನಿಗೆ ಅಂತ ಗೊತ್ತಿಲ್ಲದ ದುಡ್ಡು ಬರೀ ಒಂದು ಅಂಕಿ. ಒಬ್ಬರು ಟೈಲ್ಸ್ ಸೇರಿಸಿ ಹೇಳಿರ್ತಾರೆ, ಇನ್ನೊಬ್ಬರು ಟೈಲ್ಸ್ ನಿಮ್ದು, ಕೂಲಿ ನಮ್ದು ಅಂದ್ಕೊಂಡು ಹೇಳಿರ್ತಾರೆ. ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರ ತಲೇಲೂ ಬೇರೆ ಬೇರೆ ಅಡುಗೆಮನೆ ಇದೆ, ಅಷ್ಟೆ. ಅದಕ್ಕೇ ಮೊದಲು ನಾವು ಒಂದು ಪತ್ರ ಬರೀಬೇಕು. ಆ ಒಂದೇ ಪತ್ರಾನ ಒಂದಕ್ಷರ ಬದಲಾಯಿಸದೆ ಮೂರು ಜನಕ್ಕೆ ಕೊಟ್ಟು, ಉತ್ತರಾನ ಬರವಣಿಗೆಯಲ್ಲೇ ತರಿಸ್ಕೋಬೇಕು. ಬರೆಯೋದು ಆ ಅಡುಗೆಮನೇಲಿ ದಿನಾ ನಿಲ್ಲೋ ಹೆಂಗಸೇ ಆಗಿರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇದೇನೂ ನಾನು ಕಂಡುಹಿಡಿದ ಹೊಸ ಪದ್ಧತಿಯಲ್ಲ. ಸರ್ಕಾರದವರು ಒಂದು ಚರಂಡಿ ಕಟ್ಟಿಸಬೇಕಾದ್ರೂ ಹೀಗೇ ಮಾಡ್ತಾರೆ. ನಮ್ಮ ರಾಜ್ಯದಲ್ಲಿ ಇದಕ್ಕೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅಂತ ಕಾಯ್ದೇನೇ ಇದೆ. ಟೆಂಡರ್ ಕಾಗದದಲ್ಲಿ ಐದು ಕಾಲಂ ಇರುತ್ತೆ: ಕೆಲಸ, ಅಳತೆಯ ಲೆಕ್ಕ ಅಂದ್ರೆ ಚದರಡಿಯೋ ಉದ್ದ ಅಡಿಯೋ, ಎಷ್ಟು, ಒಂದಕ್ಕೆ ದರ, ಒಟ್ಟು. ಮೊದಲ ಮೂರು ಕಾಲಂ ಕೆಲಸ ಮಾಡಿಸೋರು ತುಂಬ್ತಾರೆ, ಕೊನೇ ಎರಡು ಮಾತ್ರ ಕಂಟ್ರಾಕ್ಟರ್ ತುಂಬ್ತಾನೆ. ಗುಟ್ಟೆಲ್ಲ ಇರೋದು ಇಲ್ಲೇ. ಅಳತೆ ನಮ್ಮದಾದ್ರೆ ಮೂರು ಜನದ ದರಾನೂ ಪಕ್ಕಪಕ್ಕ ಇಟ್ಟು ನೋಡ್ಬಹುದು. ಅಳತೇನೂ ಅವರಿಗೇ ಬಿಟ್ರೆ ನೋಡೋಕೆ ಆಗಲ್ಲ.

ಕುವೆಂಪುನಗರದಲ್ಲಿರೋ ನನ್ನ ತಂಗಿ ಮನೆ ಲೆಕ್ಕಾನೇ ಹೇಳ್ತೀನಿ. ಅಡುಗೆಮನೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಕಡಪ ಕಲ್ಲಿನ ಹಳೇ ಕಟ್ಟೆ. ಅದನ್ನ ತೆಗೆದು ಹತ್ತು ಅಡಿ ಗೋಡೆಗೂ ಎಂಟು ಅಡಿ ಗೋಡೆಗೂ ಸೇರೋ ಹಾಗೆ ಮೂಲೆ ತಿರುಗೋ ಗ್ರಾನೈಟ್ ಕಟ್ಟೆ, ಕೆಳಗೆ ಮರದ ಬಾಕ್ಸು, ಮೇಲೆ ಕಪಾಟು ಮಾಡಿಸಬೇಕಿತ್ತು. ನಾವಿಬ್ಬರೂ ಒಂದು ಮಧ್ಯಾಹ್ನ ಟೇಪು ಹಿಡ್ಕೊಂಡು ಕೂತು ಬರೆದ ಪತ್ರ ಇದು. ನಿಮಗೆ ಬೇಕಾದ್ರೆ ಅಳತೆ ಬದಲಾಯಿಸಿ ಹಾಗೇ ಇಳಿಸ್ಕೊಳ್ಳಿ.

"ಮಾನ್ಯರೇ,

ನಮ್ಮ ಅಡುಗೆಮನೆ ನವೀಕರಣಕ್ಕೆ ಕೆಳಗಿನ ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆಯಾಗಿ ದರ ಮತ್ತು ಮೊತ್ತ ಬರೆದು, ಸಹಿ ಹಾಕಿ, ಹತ್ತು ದಿನದೊಳಗೆ ಕೊಡಬೇಕಾಗಿ ಕೋರುತ್ತೇನೆ. ಇದೇ ಪತ್ರವನ್ನು ಇನ್ನಿಬ್ಬರಿಗೂ ಕೊಟ್ಟಿದ್ದೇನೆ. ಜಾಗ ನೋಡಲು ಬೆಳಿಗ್ಗೆ 10ರಿಂದ 12ರ ಒಳಗೆ ಯಾವತ್ತಾದರೂ ಬರಬಹುದು.

1. ಹಳೇ ಕಟ್ಟೆ, ಹಳೇ ಗೋಡೆ ಟೈಲ್ಸ್ ಮತ್ತು ನೆಲ ಒಡೆಯುವುದು. ಒಡೆದ ಮಣ್ಣು-ಕಲ್ಲು ಮನೆಯಿಂದ ಸಾಗಿಸುವುದು. ಇವೆರಡಕ್ಕೂ ಬೇರೆ ಬೇರೆ ಮೊತ್ತ.
2. ಕರಿ ಗ್ರಾನೈಟ್ ಕಟ್ಟೆ, ದಪ್ಪ 18ರಿಂದ 20 ಎಂ.ಎಂ., 32 ಚದರಡಿ. ಮುಂದಿನ ಅಂಚಿನ ಮೋಲ್ಡಿಂಗ್ 14 ಅಡಿ. ಸಿಂಕಿನ ತೂತು ಒಂದು. ನೆಲದಿಂದ ಕಲ್ಲಿನ ಮೇಲ್ಮೈವರೆಗೆ ಎತ್ತರ 33 ಇಂಚು.
3. ಕಟ್ಟೆಯ ಮೇಲೆ ಎರಡು ಅಡಿ ಎತ್ತರ ಗೋಡೆ ಟೈಲ್ಸ್, 36 ಚದರಡಿ. ನೆಲದ ಟೈಲ್ಸ್, ಕಟ್ಟೆಯ ಕೆಳಗೂ ಸೇರಿ, 80 ಚದರಡಿ. ಟೈಲ್ಸಿನ ದರ ಮತ್ತು ಹಾಕುವ ಕೂಲಿ ಬೇರೆ ಬೇರೆ.
4. ಕಟ್ಟೆ ಕೆಳಗಿನ ಬಾಕ್ಸು, ಮುಂಭಾಗದ ಅಳತೆ 35 ಚದರಡಿ. ಮೇಲಿನ ಕಪಾಟು, ಮುಂಭಾಗದ ಅಳತೆ 20 ಚದರಡಿ. ಐಎಸ್ 710 ಮುದ್ರೆಯ ಪ್ಲೈವುಡ್, ಒಳಗೂ ಹೊರಗೂ ಸನ್‌ಮೈಕಾ. ಹಲಗೆ, ಕೀಲು, ಡ್ರಾಯರ್ ಚಾನಲ್ ಯಾವ ಕಂಪನಿಯದು ಎಂದು ಬರೆಯಿರಿ.
5. ಸಿಂಕಿಗೆ ಒಂದು ನಲ್ಲಿ, ನೀರಿನ ಫಿಲ್ಟರಿಗೆ ಒಂದು ಪಾಯಿಂಟು, ಸಿಂಕಿನಿಂದ ಹೊರಗಿನ ಛೇಂಬರ್‌ವರೆಗೆ ಹೊಸ ಪೈಪು.
6. ವಿದ್ಯುತ್ ಪಾಯಿಂಟು ಐದು: 16 ಆಂಪ್ ಮೂರು, 6 ಆಂಪ್ ಎರಡು. ವೈರಿನ ದಪ್ಪ ಮತ್ತು ಕಂಪನಿ ಬರೆಯಿರಿ.
7. ಗೋಡೆಗೆ ಮತ್ತು ಸೂರಿಗೆ ಪೇಂಟು.

ಇವಲ್ಲದೆ: ನಿಮ್ಮ ಮೊತ್ತದಲ್ಲಿ ಸೇರದ ಕೆಲಸ, ಸಾಮಾನು ಏನೇನು ಎಂದು ಪಟ್ಟಿ ಕೊಡಿ. ಒಡೆದ ಮೇಲೆ ಗೋಡೆಯೊಳಗಿನ ಹಳೇ ಪೈಪು ಬದಲಾಯಿಸಬೇಕಾಗಿ ಬಂದರೆ ಅಡಿಗೆ ಎಷ್ಟು ಎಂದು ಈಗಲೇ ಬರೆಯಿರಿ. ಜಿಎಸ್‌ಟಿ ಸೇರಿದೆಯೋ ಇಲ್ಲವೋ ತಿಳಿಸಿ. ಎಷ್ಟು ದಿನದ ಕೆಲಸ, ದುಡ್ಡು ಯಾವ ಯಾವ ಹಂತದಲ್ಲಿ ಎಂದು ಬರೆಯಿರಿ. ಕೊನೆಯ ಹತ್ತು ಪರ್ಸೆಂಟ್ ಹಣವನ್ನು ಕೆಲಸ ಮುಗಿದು ಹದಿನೈದು ದಿನ ಬಳಸಿದ ಮೇಲೆ ಕೊಡುತ್ತೇವೆ. ಪತ್ರದಲ್ಲಿ ಇಲ್ಲದ ಯಾವ ಹೆಚ್ಚುವರಿ ಕೆಲಸಕ್ಕೂ ನಾವು ಬರೆದು ಒಪ್ಪಿದ ಮೇಲಷ್ಟೇ ದುಡ್ಡು."

ಪತ್ರ ಇಷ್ಟೆ. ಒಂದೂವರೆ ಪುಟ ಆಗುತ್ತೆ. ಇದರಲ್ಲಿ ಎರಡು ಮೂರು ಸಾಲು ಯಾಕೆ ಹಾಗೆ ಬರೆದಿದೀವಿ ಅಂತ ಬಿಡಿಸಿ ಹೇಳ್ತೀನಿ. ದುಡ್ಡು ಸೋರೋದು ಅಲ್ಲೇ.

ಮೊದಲು ಕಲ್ಲು. ಕಟ್ಟೆ ಎರಡು ಅಡಿ ಆಳ. ಹತ್ತು ಅಡಿ ಗೋಡೆ, ಎಂಟು ಅಡಿ ಗೋಡೆ, ಎರಡೂ ಕೂಡಿದ್ರೆ ಹದಿನೆಂಟು, ಎರಡರಿಂದ ಗುಣಿಸಿದ್ರೆ 36 ಚದರಡಿ ಅಂತ ಎಷ್ಟೋ ಜನ ಬರೀತಾರೆ. ಆದ್ರೆ ಮೂಲೇಲಿ ಎರಡು ಅಡಿಗೆ ಎರಡು ಅಡಿ ಚೌಕ ಇದೆಯಲ್ಲ, ಅದು ಎರಡು ಸಲ ಲೆಕ್ಕಕ್ಕೆ ಬಂತು. ನಿಜವಾದ ಕಲ್ಲು ಹತ್ತಕ್ಕೆ ಎರಡು ಇಪ್ಪತ್ತು, ಮಿಕ್ಕ ಆರಕ್ಕೆ ಎರಡು ಹನ್ನೆರಡು, ಒಟ್ಟು 32. ನಾಲ್ಕು ಚದರಡಿ ದೊಡ್ಡ ದುಡ್ಡಲ್ಲ ಅನ್ನಿಸಬಹುದು. ಆದ್ರೆ ಅದೇ ಮೂಲೆ ಕೆಳಗಿನ ಬಾಕ್ಸಿನ ಅಳತೇಲೂ ಇನ್ನೊಂದ್ಸಲ ಬರುತ್ತೆ, ಅಲ್ಲಿ ದರ ಜಾಸ್ತಿ. ಇನ್ನು ಅಂಚಿನ ಮೋಲ್ಡಿಂಗ್ ಮತ್ತು ಸಿಂಕಿನ ತೂತಿಗೆ ಕಲ್ಲಿನ ದರದ ಮೇಲೆ ಬೇರೆ ದುಡ್ಡು ತಗೊಳ್ಳೋದು ವಾಡಿಕೆ. ಅದು ನ್ಯಾಯವೇ, ಅದಕ್ಕೆ ಬೇರೆ ಕೆಲಸ ಇದೆ. ಮೊದಲೇ ಬರೆದಿರ್ಬೇಕು ಅಷ್ಟೆ.

ಎತ್ತರದ ಸಾಲನ್ನ ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಕಟ್ಟೆ ಎತ್ತರ ಅಡುಗೆ ಮಾಡೋರ ಮೊಣಕೈಗಿಂತ ಸುಮಾರು ನಾಲ್ಕು ಇಂಚು ಕೆಳಗಿರ್ಬೇಕು. ಕುಳ್ಳಗಿರೋ ನನ್ನ ತಂಗಿಗೆ ಅದು 33 ಇಂಚಿಗೆ ಬಂತು. ಅಳೆಯದೆ ಬಿಟ್ರೆ ಮೇಸ್ತ್ರಿ ತನ್ನ ಕೈಗೆ ಅಭ್ಯಾಸ ಆಗಿರೋ ಎತ್ತರ ಕಟ್ತಾರೆ, ಕಲ್ಲು ಕೂತ ಮೇಲೆ ಅದು ಇಪ್ಪತ್ತು ವರ್ಷ ಅಲ್ಲೇ. ಸಾರಿನ ಪಾತ್ರೆ ಇಣುಕಿ ನೋಡೋಕೆ ಹಿಮ್ಮಡಿ ಎತ್ತೋದು, ಭುಜ ನೋವು ಅನ್ನೋದು ಮನೇಲಿ ಬೇರೆ ಯಾರ ಲೆಕ್ಕಕ್ಕೂ ಬರಲ್ಲ.

ಎರಡನೇದು ಮರದ ಕೆಲಸ. ಅಡುಗೆಮನೇಲಿ ಅತಿ ಹೆಚ್ಚು ದುಡ್ಡು ಹೋಗೋದು ಇಲ್ಲೇ, ಅತಿ ಹೆಚ್ಚು ಗೊಂದಲಾನೂ ಇಲ್ಲೇ. ಚದರಡಿ ಅನ್ನೋ ಮಾತನ್ನ ಎರಡು ರೀತಿ ಬಳಸ್ತಾರೆ. ಕೆಲವರು ಮುಂದೆ ಕಾಣೋ ಬಾಗಿಲಿನ ಭಾಗ ಮಾತ್ರ ಅಳೀತಾರೆ, ಒಳಗಿನ ಹಲಗೆ ಎಲ್ಲ ಆ ದರದಲ್ಲೇ ಬಂತು. ಇನ್ನು ಕೆಲವರು ಬಾಗಿಲು, ಪಕ್ಕದ ಹಲಗೆ, ತಳ, ನಡುವಿನ ತಟ್ಟು ಎಲ್ಲಾನೂ ಅಳೀತಾರೆ. ತಂಗಿ ಮನೆ ಕೆಳಗಿನ ಬಾಕ್ಸು ಮುಂಭಾಗದ ಲೆಕ್ಕದಲ್ಲಿ 35 ಚದರಡಿ. ಎಲ್ಲ ಹಲಗೆ ಅಳೆದ್ರೆ ಸುಮಾರು 120 ಆಗುತ್ತೆ. ಈಗ ಒಬ್ಬರು ಚದರಡಿಗೆ 1,500 ರೂಪಾಯಿ ಅಂತಾರೆ, ಇನ್ನೊಬ್ಬರು 650 ಅಂತಾರೆ ಅಂತಿಟ್ಕೊಳ್ಳಿ. ಕೇಳಿದ ತಕ್ಷಣ 650 ಅಂದವರ ಕಡೆಗೇ ಮನಸ್ಸು ವಾಲುತ್ತೆ. ಲೆಕ್ಕ ಹಾಕಿ ನೋಡಿ. 1,500ರವರದ್ದು 35ಕ್ಕೆ 52,500. 650ರವರದ್ದು 120ಕ್ಕೆ 78,000. ಕಮ್ಮಿ ದರದವರೇ ದುಬಾರಿ ಆದ್ರು. ಅದಕ್ಕೇ ಪತ್ರದಲ್ಲಿ "ಮುಂಭಾಗದ ಅಳತೆ" ಅನ್ನೋ ಎರಡು ಪದ ಇರ್ಲೇಬೇಕು.

ಹಲಗೆ ವಿಷಯಾನೂ ಅಷ್ಟೇ. "ವಾಟರ್‌ಪ್ರೂಫ್ ಪ್ಲೈ ಹಾಕ್ತೀವಿ" ಅನ್ನೋದು ಬಾಯಿಮಾತು. ಐಎಸ್ 710 ಅನ್ನೋದು ಅಳೆದು ನೋಡಬಹುದಾದ ಮಾತು. ಅದು ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕದ ನಂಬರು. ಆ ದರ್ಜೆ ಹಲಗೆಯ ತುಂಡನ್ನ 72 ಗಂಟೆ ನೀರಲ್ಲಿ ಕುದಿಸಿದ್ರೂ ಅಂಟು ಬಿಟ್ಟು ಪದರ ಬಿಚ್ಚಬಾರದು. ಐಎಸ್ 303 ಅನ್ನೋದು ಸಾಮಾನ್ಯ ಬಳಕೆ ಪ್ಲೈವುಡ್ಡಿನ ನಂಬರು, ಅದು ಕಮ್ಮಿ ಬೆಲೆಗೆ ಬರುತ್ತೆ. ಮೇಲಿನ ಕಪಾಟಿಗೆ ಅದರಲ್ಲೇ ಒಳ್ಳೇ ದರ್ಜೆ ನಡೆಯುತ್ತೆ ಅನ್ನೋರೂ ಇದಾರೆ. ಆದ್ರೆ ಸಿಂಕಿನ ಕೆಳಗೆ, ನೀರು ಜಿನುಗೋ ಕಡೆ, ಅದನ್ನ ಹಾಕಿದ್ರೆ ಊದ್ಕೊಂಡು ಬಾಗಿಲು ಮುಚ್ಚದ ಹಾಗಾಗುತ್ತೆ. ಹಲಗೆ ಮನೆಗೆ ಬಂದ ದಿನ ಸನ್‌ಮೈಕಾ ಅಂಟಿಸೋಕೆ ಮುಂಚೆ ಅದರ ಮೇಲಿನ ಮುದ್ರೆ ನೋಡಿ ಒಂದು ಫೋಟೋ ತೆಗೆದಿಟ್ಕೊಳ್ಳಿ. ಅಂಟಿಸಿದ ಮೇಲೆ ಎಲ್ಲ ಹಲಗೇನೂ ಒಂದೇ ಥರ ಕಾಣುತ್ತೆ.

ಮೂರನೇದು, ಸೇರದೇ ಇರೋದರ ಪಟ್ಟಿ. ಕಂಟ್ರಾಕ್ಟರ್ ಬರೆದಿರೋದನ್ನ ಓದೋದು ಸುಲಭ, ಬರೀದೇ ಬಿಟ್ಟಿರೋದನ್ನ ಓದೋದೇ ಕಷ್ಟ. ಒಡೆದ ಕಸಾನೇ ತಗೊಳ್ಳಿ. ಒಡೆಯೋದಕ್ಕೆ ಹೇಳಿದ ದರದಲ್ಲಿ ಸಾಗಿಸೋದು ಸೇರಿಲ್ಲ ಅಂದ್ರೆ ಮೂಟೆಗಳು ಗೇಟಿನ ಮುಂದೆ ಕೂತಿರ್ತವೆ. ಕಟ್ಟಡ ತ್ಯಾಜ್ಯ ನಿಯಮದ ಪ್ರಕಾರ ಆ ಕಸದ ಹೊಣೆ ಅದನ್ನ ಹುಟ್ಟಿಸಿದವರದ್ದು, ರಸ್ತೇಲೋ ಮೋರೀಲೋ ಸುರಿಯೋ ಹಾಗಿಲ್ಲ. ರಾತ್ರೋರಾತ್ರಿ ಖಾಲಿ ಸೈಟಿಗೆ ಸುರಿದು ಬಂದ್ರೆ ಬೈಸ್ಕೊಳ್ಳೋದು ಮನೆಯವರೇ.

ಹಾಗೇ ಗೋಡೆಯೊಳಗಿನ ಪೈಪು. ಹಳೇ ಮನೆಗಳಲ್ಲಿ ಕಬ್ಬಿಣದ ಪೈಪೇ ಇರೋದು ಜಾಸ್ತಿ, ಒಡೆಯೋ ತನಕ ಅದರ ಸ್ಥಿತಿ ಯಾರಿಗೂ ಗೊತ್ತಾಗಲ್ಲ. ಇದಕ್ಕೆ ಮೊದಲೇ ಮೊತ್ತ ಹೇಳಿ ಅಂತ ಕಂಟ್ರಾಕ್ಟರನ್ನ ಕಟ್ಟಿಹಾಕೋದು ಅನ್ಯಾಯ, ಆಮೇಲೆ ನೋಡೋಣ ಅಂತ ಬಿಡೋದು ನಮಗೆ ಅಪಾಯ. ಗೋಡೆ ಒಡೆದು, ನೀರು ನಿಂತು, ಮನೆಮಂದಿಯೆಲ್ಲ ಹೋಟೆಲ್ ಊಟದಲ್ಲಿರುವಾಗ ಅವರು ಕೇಳಿದ ದರಕ್ಕೆ ನಾವು ಹೂಂ ಅನ್ನಲೇಬೇಕಾಗುತ್ತೆ. ಅದಕ್ಕೇ ಅಡಿಗೆ ಎಷ್ಟು ಅಂತ ದರ ಮಾತ್ರ ಈಗ ಬರೆಸ್ಕೊಳ್ಳಿ, ಎಷ್ಟು ಅಡಿ ಅನ್ನೋದು ಒಡೆದ ಮೇಲೆ ಇಬ್ಬರೂ ನಿಂತು ಅಳೆದ್ರಾಯ್ತು.

ಈಗ ತಂಗಿಗೆ ಬಂದ ಮೂರು ಉತ್ತರ ಹೇಳ್ತೀನಿ. ಮೊದಲ್ನೇವರು 1,58,000. ಎರಡನೇವರು 1,92,000. ಮೂರನೇವರು 1,84,000, ಜಿಎಸ್‌ಟಿ ಬೇರೆ. ಅವಳ ಯಜಮಾನ್ರು ನೋಡಿದ ಕೂಡಲೇ "1,58,000ದವರೇ ಇರ್ಲಿ, ಮೂವತ್ತು ಸಾವಿರದ ಮೇಲೆ ಉಳೀತು" ಅಂದ್ರು. ತಂಗಿ ಒಂದು ಬಿಳಿ ಹಾಳೆ ತಗೊಂಡು ಗೆರೆ ಎಳೆದು ಮೂರನ್ನೂ ಪಕ್ಕಪಕ್ಕ ಬರೆದ್ಲು.

ಮೊದಲ್ನೇವರ ಕಾಗದದಲ್ಲಿ ಕಸ ಸಾಗಣೆ, ಐದು ವಿದ್ಯುತ್ ಪಾಯಿಂಟು, ಮೋಲ್ಡಿಂಗ್ ಮತ್ತು ಸಿಂಕಿನ ತೂತು, ಈ ಮೂರರ ಮುಂದೆ ಖಾಲಿ ಇತ್ತು. ಹಲಗೆ ಮುಂದೆ ಐಎಸ್ 303 ಅಂತ ಬರೆದಿದ್ರು. ಅವರಿಗೇ ಫೋನ್ ಮಾಡಿ, ಬಿಟ್ಟುಹೋದದ್ದಕ್ಕೂ ದರ ಬರೆದು ಕಳಿಸಿ ಅಂದ್ಲು. ಅವರೇ ಕಳಿಸಿದ ಲೆಕ್ಕ ಇದು: ಸಾಗಣೆ 8,000, ವಿದ್ಯುತ್ 12,500, ಕಲ್ಲಿನ ಕೆಲಸ 4,500, ಹಲಗೆ 710ಕ್ಕೆ ಬದಲಾಯಿಸಿದ್ರೆ 14,000. ಒಟ್ಟು 39,000 ಸೇರಿ 1,97,000 ಆಯ್ತು. ಮೂರನೇವರದ್ದಕ್ಕೆ 18 ಪರ್ಸೆಂಟ್ ತೆರಿಗೆ 33,120 ಸೇರಿ 2,17,120 ಆಯ್ತು. ಎಲ್ಲ ಕಾಲಂ ತುಂಬಿ, 710 ಹಲಗೇನೇ ಹಾಕಿ, 1,92,000 ಅಂದಿದ್ದ ಎರಡನೇವರೇ ಮೂವರಲ್ಲಿ ಕಮ್ಮಿ. ಮೊದಲು ಅವರೇ ಎಲ್ಲರಿಗಿಂತ ದುಬಾರಿ ಕಂಡಿದ್ದು.

ತೆರಿಗೆ ಬಗ್ಗೆ ಒಂದು ಮಾತು. ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಕಂಟ್ರಾಕ್ಟರ್ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಹಾಗೆ ನೋಂದಣಿ ಇಲ್ಲದವರು ನಮ್ಮ ಹತ್ರ ಜಿಎಸ್‌ಟಿ ಅಂತ ವಸೂಲಿ ಮಾಡೋ ಹಾಗೂ ಇಲ್ಲ. ತೆರಿಗೆ ಕೇಳಿದವರ ಕಾಗದದ ಮೇಲೆ ಹದಿನೈದು ಅಕ್ಷರ-ಅಂಕಿಯ ನಂಬರಿರ್ಬೇಕು, ಕರ್ನಾಟಕದ ನೋಂದಣಿ ಆದ್ರೆ ಅದು 29ರಿಂದ ಶುರುವಾಗುತ್ತೆ. ಮೂರನೇವರದ್ದು ಸರಿಯಾಗೇ ಇತ್ತು. ಅವರು ಮೋಸದವರಲ್ಲ, ನಿಯಮದ ಪ್ರಕಾರ ನಡೆಯೋರು, ಅದಕ್ಕೇ ದುಬಾರಿ ಕಂಡ್ರು. ತೆರಿಗೆ ಸೇರಿಸಿ ನೋಡೋದು ಅವರನ್ನ ಬಿಡೋಕಲ್ಲ, ನಮ್ಮ ಕೈಯಿಂದ ಹೋಗೋ ದುಡ್ಡು ಎಷ್ಟು ಅಂತ ತಿಳ್ಕೊಳ್ಳೋಕೆ.

ಇದನ್ನೆಲ್ಲ ಹೇಳಿದ್ರೆ ನಮ್ಮ ದೊಡ್ಡಮ್ಮನಂಥವರು ಒಪ್ಪಲ್ಲ. "ಹೀಗೆಲ್ಲ ಕಾಗದ ಕೊಟ್ರೆ ಒಳ್ಳೇ ಮೇಸ್ತ್ರಿ ಬರೋದೇ ಇಲ್ಲ ಕಣೇ, ನಂಬಿಕೆ ಇಲ್ವಾ ಅಂತ ಬೇಜಾರ್ ಮಾಡ್ಕೋತಾರೆ" ಅಂತಾರೆ. ಆ ಮಾತಲ್ಲಿ ಸ್ವಲ್ಪ ನಿಜ ಇದೆ. ಕೈಕೆಲಸ ಬಂಗಾರದಂಥದ್ದಿದ್ದು ಬರೆಯೋಕೆ ಬಾರದ ಮೇಸ್ತ್ರಿಗಳು ನಮ್ಮೂರಲ್ಲಿ ಇದಾರೆ. ಅಂಥವರು ಸಿಕ್ಕಿದ್ರೆ ನೀವೇ ಕೂತು ಅವರು ಹೇಳಿದ ಹಾಗೆ ಕಾಲಂ ತುಂಬಿ, ಓದಿ ಹೇಳಿ, ಸಹಿ ಹಾಕಿಸ್ಕೊಳ್ಳಿ. ಆದ್ರೆ ಬರೆಯೋಕೆ ಬರೋರು ಬರೀದೇ ತಪ್ಪಿಸ್ಕೊಂಡ್ರೆ ಅದೇ ಒಂದು ಉತ್ತರ. ಗೋಡೆ ಒಡೆಯೋಕೆ ಮುಂಚೆ ಏಳು ಸಾಲು ಬರೆಯೋಕೆ ಪುರುಸೊತ್ತಿಲ್ಲದವರು, ಒಡೆದ ಮೇಲೆ ನಮ್ಮ ಮಾತಿಗೆ ಪುರುಸೊತ್ತು ಮಾಡ್ಕೋತಾರಾ?

ಕಂಟ್ರಾಕ್ಟರ್‌ಗೂ ನಾವು ನ್ಯಾಯವಾಗಿರ್ಬೇಕು. ಬಂದು ನೋಡಿ, ಅಳೆದು, ಲೆಕ್ಕ ಹಾಕಿ ಬರೆಯೋಕೆ ಅವರಿಗೆ ಅರ್ಧ ದಿನ ಹೋಗುತ್ತೆ, ಅದಕ್ಕೆ ನಾವೇನೂ ಕೊಡಲ್ಲ. ಅದಕ್ಕೇ ಮೂರು ಜನ ಸಾಕು, ಏಳೆಂಟು ಜನಾನ ಅಲೆಸ್ಬೇಡಿ. ಒಬ್ಬರು ಏನಾದ್ರೂ ಅನುಮಾನ ಕೇಳಿ ನೀವು ಉತ್ತರ ಕೊಟ್ರೆ ಅದೇ ಉತ್ತರಾನ ಮಿಕ್ಕಿಬ್ಬರಿಗೂ ತಿಳಿಸಿ. ಒಬ್ಬರ ದರ ಇನ್ನೊಬ್ಬರಿಗೆ ತೋರಿಸಿ "ನೀವು ಇನ್ನೂ ಇಳಿಸಿ" ಅಂತ ಚೌಕಾಸಿಗೆ ಇಳೀಬೇಡಿ. ಹಾಗೆ ಇಳಿಸಿದ ದುಡ್ಡು ಹಲಗೇಲೋ ವೈರಲ್ಲೋ ಕಮ್ಮಿಯಾಗುತ್ತೆ. ಕೆಲಸ ಸಿಗದ ಇಬ್ಬರಿಗೂ ಫೋನ್ ಮಾಡಿ ಹೇಳಿಬಿಡಿ.

ಕಾಗದಕ್ಕೆ ಇನ್ನೊಂದು ಬೆಲೆ ಇದೆ. ಕೆಲಸ ಕೆಟ್ಟು ಮಾತಿಗೆ ಮಾತು ಬೆಳೆದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಮೈಸೂರಲ್ಲೂ ಅದು ಇದೆ. ಕೆಲಸಕ್ಕೆ ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ರೆ ದೂರಿಗೆ ಶುಲ್ಕ ಇಲ್ಲ. ಅಲ್ಲಿ "ಒಳ್ಳೇ ಹಲಗೆ ಹಾಕ್ತೀನಿ ಅಂದಿದ್ರು" ಅನ್ನೋದಕ್ಕಿಂತ, ಐಎಸ್ 710 ಅಂತ ಬರೆದು ಸಹಿ ಹಾಕಿರೋ ಕಾಗದ ಗಟ್ಟಿ ಸಾಕ್ಷಿ. ಆ ಮಟ್ಟಕ್ಕೆ ಹೋಗೋದು ಕಮ್ಮಿ. ಯಾಕಂದ್ರೆ ಬರೆದು ಕೊಟ್ಟವರು ಬರೆದದ್ದನ್ನ ನೆನಪಿಟ್ಕೊಂಡೇ ಕೆಲಸ ಮಾಡ್ತಾರೆ.

ತಂಗಿ ಎರಡನೇವರಿಗೇ ಕೆಲಸ ಕೊಟ್ಲು. ಗೋಡೆ ಒಡೆದಾಗ ಹಳೇ ಪೈಪು ಹನ್ನೊಂದು ಅಡಿ ತುಕ್ಕು ಹಿಡಿದಿತ್ತು. ಯಾರೂ ದನಿ ಎತ್ತಲಿಲ್ಲ, ಟೇಪು ಹಿಡಿದ್ರು, ಕಾಗದದಲ್ಲಿದ್ದ ದರಕ್ಕೆ ಗುಣಿಸಿದ್ರು. ಕೊನೇ ಹತ್ತು ಪರ್ಸೆಂಟು 19,200 ರೂಪಾಯಿ ಅವಳ ಹತ್ರಾನೇ ಇತ್ತು. ಹದಿನೈದು ದಿನದಲ್ಲಿ ಒಂದು ಡ್ರಾಯರ್ ಬಿಗಿಯಾಯ್ತು, ಸಿಂಕಿನ ಕೆಳಗೆ ಒಂದು ಜಾಯಿಂಟು ಜಿನುಗಿತು. ಎರಡನ್ನೂ ಅವರೇ ಬಂದು ಸರಿ ಮಾಡಿ ಮಿಕ್ಕ ದುಡ್ಡು ತಗೊಂಡು ಹೋದ್ರು.

ನಿಮ್ಮನೇಲೂ ಈ ವರ್ಷ ಕಟ್ಟೆ ಒಡೆಸೋ ಯೋಚನೆ ಇದ್ರೆ ಮೇಸ್ತ್ರಿಗೆ ಫೋನ್ ಮಾಡೋಕೆ ಮುಂಚೆ ಟೇಪು ಹಿಡೀರಿ. ಮೊದಲು ನಿಮ್ಮ ಮೊಣಕೈ ಎತ್ತರ ಅಳೀರಿ, ಆಮೇಲೆ ಗೋಡೆ.